ಹೆಸರು ಅಳಿಸಿದ ಮೇಲೂ ಉಳಿಯುವ ಗುರುತು

1990ರ ದಶಕದ ಮಧ್ಯದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗ ರಾಜ್ಯ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತು. ಹೆಸರು, ವಿಳಾಸ ತೆಗೆದಿದ್ದೇವೆ, ಇನ್ನು ಯಾರಿಗೂ ತೊಂದರೆಯಿಲ್ಲ ಎಂಬ ಧೈರ್ಯ ಅವರದು. ರಾಜ್ಯಪಾಲ ವಿಲಿಯಂ ವೆಲ್ಡ್ ಕೂಡ ಅದೇ ಭರವಸೆ ಕೊಟ್ಟಿದ್ದರು. ಆಗ ಎಂಐಟಿಯಲ್ಲಿ ಓದುತ್ತಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ವೆಲ್ಡ್ ಇದ್ದದ್ದು ಅದೇ ಊರಿನಲ್ಲಿ. ಅವರ ಜನ್ಮದಿನಾಂಕವೇ ಇದ್ದವರು ಆ ಪಟ್ಟಿಯಲ್ಲಿ ಆರು ಮಂದಿ; ಅವರಲ್ಲಿ ಗಂಡಸರು ಮೂವರು; ವೆಲ್ಡ್ ಅವರ ಅಂಚೆ ವಲಯದಲ್ಲಿದ್ದವರು ಒಬ್ಬರೇ. ರಾಜ್ಯಪಾಲರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು.

ಸ್ವೀನಿ ಬೀಗವನ್ನೇನೂ ಒಡೆದಿರಲಿಲ್ಲ. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಒಂದೊಂದಾಗಿ ಯಾರನ್ನೂ ತೋರಿಸುವುದಿಲ್ಲ, ಮೂರೂ ಸೇರಿದರೆ ಬೆರಳು ಮಾಡಿ ತೋರಿಸುತ್ತವೆ. ಇಂಥ ಕಾಲಂಗಳನ್ನು ಅರೆಗುರುತುಗಳು ಎನ್ನೋಣ. ಗ್ರಾಹಕರ ದಾಖಲೆಯನ್ನು ವಿಶ್ಲೇಷಣೆಗೆ ಕೊಡುವ ಮುನ್ನ ಏನು ಮಾಡಬೇಕು ಎಂಬ ವಿದ್ಯೆ ಅಲ್ಲಿಂದೀಚೆಗೆ ಬೆಳೆದದ್ದು ಬಹುಪಾಲು ಈ ಅರೆಗುರುತುಗಳ ಜೊತೆಗಿನ ಗುದ್ದಾಟದಲ್ಲೇ.

ಮೊದಲ ಉತ್ತರ ಬಂದದ್ದು 1998ರಲ್ಲಿ, ಪಿಯೆರಾಂಜೆಲಾ ಸಮರಾಟಿ ಮತ್ತು ಸ್ವೀನಿ ಅವರಿಂದ: ಕೆ-ಅನಾಮಿಕತೆ. ಹುಟ್ಟಿದ ದಿನದ ಬದಲು ಹತ್ತು ವರ್ಷದ ವಯೋಗುಂಪು, ಪೂರ್ತಿ ಪಿನ್‌ಕೋಡ್ ಬದಲು ಮೊದಲ ಮೂರು ಅಂಕಿ. ಹೀಗೆ ಮಸುಕು ಮಾಡುತ್ತ ಹೋಗಿ, ಅರೆಗುರುತುಗಳ ಪ್ರತಿಯೊಂದು ಜೋಡಣೆಯಲ್ಲೂ ಕನಿಷ್ಠ ‘ಕೆ’ ಮಂದಿ ಇರುವಂತೆ ನೋಡಿಕೊಳ್ಳಬೇಕು. ಹತ್ತು ಮಂದಿಯ ಗುಂಪಿನಲ್ಲಿ ನಿಮ್ಮ ಸಾಲು ಯಾವುದೆಂದು ಹೇಳಲಾಗದು. ಆದರೆ ಆ ಹತ್ತೂ ಮಂದಿ ಕೊಂಡದ್ದು ಒಂದೇ ರೋಗದ ಔಷಧವಾದರೆ? ಸಾಲು ಗೊತ್ತಾಗದಿದ್ದರೂ ರೋಗ ಗೊತ್ತಾಯಿತು. 2006ರಲ್ಲಿ ಬಂದ ಎಲ್-ವೈವಿಧ್ಯ ಈ ತೂತನ್ನು ಮುಚ್ಚಲು ಹೊರಟಿತು: ಗುಂಪಿನೊಳಗೆ ಸೂಕ್ಷ್ಮ ಕಾಲಂನ ಬೆಲೆಗಳೂ ಬೇರೆ ಬೇರೆ ಇರಬೇಕು.

ಅದೇ 2006ರಲ್ಲಿ ನೆಟ್‌ಫ್ಲಿಕ್ಸ್ ಸ್ಪರ್ಧೆಯೊಂದಕ್ಕಾಗಿ ಸುಮಾರು 4.8 ಲಕ್ಷ ಚಂದಾದಾರರು ಸಿನಿಮಾಗಳಿಗೆ ಕೊಟ್ಟ 10 ಕೋಟಿ ಅಂಕಗಳನ್ನು ಬಿಡುಗಡೆ ಮಾಡಿತು. ಅಲ್ಲಿ ವಯಸ್ಸೂ ಇಲ್ಲ, ಊರೂ ಇಲ್ಲ. ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ, ಅಂದರೆ ಮಾರುಹೆಸರು. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ 2008ರಲ್ಲಿ ತೋರಿಸಿದ್ದು ಇದು: ಒಬ್ಬರು ಅಂಕ ಕೊಟ್ಟ ಎಂಟು ಸಿನಿಮಾ ಗೊತ್ತಿದ್ದರೆ, ಅದರಲ್ಲಿ ಎರಡು ಪೂರಾ ತಪ್ಪಾಗಿದ್ದು ದಿನಾಂಕ ಎರಡು ವಾರ ಆಚೀಚೆಯಾದರೂ, ಶೇ. 99ರಷ್ಟು ದಾಖಲೆಗಳು ಒಬ್ಬರಿಗಷ್ಟೇ ಹೊಂದುತ್ತವೆ. ಇಲ್ಲಿ ಅರೆಗುರುತು ಒಂದು ಕಾಲಂ ಅಲ್ಲ, ಆ ಮನುಷ್ಯ ಮಾಡಿದ್ದೆಲ್ಲದರ ಸಾಲು. ಗ್ರಾಹಕರ ಖರೀದಿ ಇತಿಹಾಸವೂ ಇದೇ ಜಾತಿಯದು. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಮಾರುಹೆಸರನ್ನು ಹೇಗೆ ಕೊಡುತ್ತೇವೆ ಎಂಬುದರಲ್ಲೂ ಎಡವಿದವರಿದ್ದಾರೆ. 2014ರಲ್ಲಿ ನ್ಯೂಯಾರ್ಕ್ ನಗರದ ಸುಮಾರು 17 ಕೋಟಿ ಟ್ಯಾಕ್ಸಿ ಸವಾರಿಗಳ ದಾಖಲೆ ಹೊರಬಂತು. ಟ್ಯಾಕ್ಸಿ ಪರವಾನಗಿ ಸಂಖ್ಯೆಗಳನ್ನು ಎಂಡಿ5 ಹ್ಯಾಶ್ ಮಾಡಿದ್ದರು. ಹ್ಯಾಶ್‌ನಿಂದ ಹಿಂದಕ್ಕೆ ಬರಲಾಗದು ಎಂಬ ಮಾತು ನಿಜ, ಆದರೆ ಹಿಂದಕ್ಕೆ ಬರುವ ಅಗತ್ಯವೇ ಇರಲಿಲ್ಲ. ಆ ಸಂಖ್ಯೆಗಳ ನಮೂನೆ ಎಲ್ಲರಿಗೂ ಗೊತ್ತು. ಸಾಧ್ಯವಿರುವ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿದ ಎಂಜಿನಿಯರ್ ಒಬ್ಬರಿಗೆ ಇಡೀ ಪಟ್ಟಿ ಬಿಚ್ಚಿಕೊಂಡಿತು. ನಮ್ಮ ಮೊಬೈಲ್ ನಂಬರಿಗೂ ಇದೇ ಗತಿ. ಹತ್ತು ಅಂಕಿ, ಶುರುವಾಗುವುದು 6ರಿಂದ 9ರೊಳಗೆ; ಹೆಚ್ಚೆಂದರೆ 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವೇ ಸೆಕೆಂಡುಗಳ ಕೆಲಸ. ಅದಕ್ಕೇ ಬರೀ ಹ್ಯಾಶ್ ಸಾಲದು, ರಹಸ್ಯ ಕೀ ಬೆರೆಸಬೇಕು.

2018ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನು ಈ ಅನುಭವವನ್ನೆಲ್ಲ ಒಂದು ಗೆರೆಯಲ್ಲಿ ಹಿಡಿದಿಟ್ಟಿತು. ಅನಾಮಿಕವಾದ ಡೇಟಾ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ; ಮಾರುಹೆಸರಿನ ಡೇಟಾ, ಕೀ ಇಟ್ಟುಕೊಂಡವರ ಮಟ್ಟಿಗಂತೂ, ವೈಯಕ್ತಿಕ ಡೇಟಾವೇ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಗ್ರಾಹಕರ ಒಪ್ಪಿಗೆ ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಡೇಟಾಕ್ಕೆ ಮಾತ್ರ ಸೀಮಿತ ಎನ್ನುತ್ತದೆ.

‘ಬೇಕಾದಷ್ಟು’ ಎಂದರೆ ಎಷ್ಟು? ಹುಬ್ಬಳ್ಳಿ-ಧಾರವಾಡದಲ್ಲಿ ನಾಲ್ಕಾರು ಔಷಧ ಅಂಗಡಿ ನಡೆಸುವವರೊಬ್ಬರು ಇದ್ದಾರೆಂದುಕೊಳ್ಳೋಣ. ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡವರಲ್ಲಿ ಎಷ್ಟು ಜನ ಮುಂದಿನ ತಿಂಗಳೂ ತಮ್ಮಲ್ಲಿಗೇ ಬರುತ್ತಾರೆ ಎಂದು ಹೊರಗಿನ ವಿಶ್ಲೇಷಕರಿಂದ ತಿಳಿಯಬೇಕು. ಬಿಲ್ಲಿಂಗ್ ತಂತ್ರಾಂಶದ ಕಡತದಲ್ಲಿ ಹೆಸರು, ಮೊಬೈಲ್, ಜನ್ಮದಿನಾಂಕ, ಲಿಂಗ, ಪಿನ್‌ಕೋಡ್, ವೈದ್ಯರ ಹೆಸರು, ಬಿಲ್ ನಂಬರ್, ದಿನಾಂಕ, ಔಷಧ, ಮೊತ್ತ, ಷರಾ ಎಂಬ ಕಾಲಂಗಳಿವೆ. ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಹೆಸರು, ವೈದ್ಯರು, ಮೊತ್ತ ಬೇಡ. ಬಿಲ್ ನಂಬರೂ ಹೋಗಬೇಕು, ಅಂಗಡಿಯ ಪುಸ್ತಕದಲ್ಲಿ ಅದೇ ನಂಬರಿನ ಮುಂದೆ ಹೆಸರಿರುತ್ತದೆ. ಷರಾ ಕಾಲಂ ಅಂತೂ ಇರಲೇಬಾರದು: ‘ಮೇಷ್ಟ್ರ ತಾಯಿಗೆ, ಸಂಜೆ ಮನೆಗೆ ಕಳಿಸಿ’ ಎಂದು ಯಾರೋ ಬರೆದಿಟ್ಟಿರುತ್ತಾರೆ. ಔಷಧದ ಹೆಸರಿನ ಬದಲು ‘ಸಕ್ಕರೆ ಕಾಯಿಲೆ ಮಾತ್ರೆ: ಹೌದು’ ಎಂದಷ್ಟೇ ಇದ್ದರೆ ಸಾಕು.

ಅದೇ ಗ್ರಾಹಕರು ಮತ್ತೆ ಬಂದರೇ ಎಂದು ತಿಳಿಯಲು ಮೊಬೈಲ್ ಜಾಗದಲ್ಲಿ ಮಾರುಹೆಸರು ಬೇಕು. ಪೈಥಾನ್‌ನಲ್ಲಿ ಹೀಗೆ:

```python
import hmac, hashlib

def cust_code(mobile, key):
    m = "".join(c for c in mobile if c.isdigit())[-10:]
    return hmac.new(key, m.encode(), hashlib.sha256).hexdigest()
```

ಮಧ್ಯದ ಸಾಲು ಅಂಕಿಗಳನ್ನಷ್ಟೇ ಆರಿಸಿ ಕೊನೆಯ ಹತ್ತನ್ನು ಉಳಿಸಿಕೊಳ್ಳುತ್ತದೆ. ಅದಿಲ್ಲದಿದ್ದರೆ ಒಮ್ಮೆ +91 ಹಚ್ಚಿ, ಇನ್ನೊಮ್ಮೆ ಮೊದಲಿಗೆ 0 ಹಾಕಿ ಬರೆದ ಒಂದೇ ನಂಬರ್ ಇಬ್ಬರು ಗ್ರಾಹಕರಾಗಿಬಿಡುತ್ತದೆ, ಮರಳಿ ಬಂದವರ ಲೆಕ್ಕ ಕಾರಣವಿಲ್ಲದೆ ಇಳಿಯುತ್ತದೆ. ಕೀ ಅಂಗಡಿಯಲ್ಲೇ ಇರಬೇಕು, ಕಡತದ ಜೊತೆ ಅದೇ ಮೇಲ್‌ನಲ್ಲಿ ಹೋಗಬಾರದು. ಮುಂದೆ ಹೊಸ ಕಡತವನ್ನು ಹಳೆಯದಕ್ಕೆ ಜೋಡಿಸುವ ಕೆಲಸವಿಲ್ಲದಿದ್ದರೆ ಕೀಯನ್ನು ನಾಶಮಾಡುವುದೇ ಲೇಸು.

ದಿನಾಂಕದ ವಿಷಯದಲ್ಲಿ ನೆಟ್‌ಫ್ಲಿಕ್ಸ್ ಪಾಠ ನೆರವಿಗೆ ಬರುತ್ತದೆ. ಮರಳಿ ಬಂದರೇ ಎಂಬ ಪ್ರಶ್ನೆಗೆ ತಾರೀಖು ಬೇಕಿಲ್ಲ, ಎರಡು ಖರೀದಿಗಳ ನಡುವಿನ ಅಂತರ ಸಾಕು: 29 ದಿನ, 33 ದಿನ. ಯುಗಾದಿಯ ಹಿಂದಿನ ಸಂಜೆ ಪಕ್ಕದ ಮನೆಯವರು ಅಂಗಡಿಯಲ್ಲಿ ಕಂಡಿದ್ದರು ಎಂದು ಗೊತ್ತಿದ್ದವರಿಗೂ ಆಗ ನೇರವಾಗಿ ಹೊಂದಿಸಲು ತಾರೀಖು ಸಿಗುವುದಿಲ್ಲ.

ಉಳಿದದ್ದು ವಯೋಗುಂಪು, ಲಿಂಗ, ಪಿನ್‌ಕೋಡಿನ ಮೊದಲ ಮೂರು ಅಂಕಿ. ಗುಂಪುಗಳನ್ನು ಎಣಿಸುವಾಗ ಸಾಮಾನ್ಯವಾಗಿ ಆಗುವ ಪ್ರಮಾದ ಸಾಲುಗಳನ್ನು ಎಣಿಸುವುದು. ತಿಂಗಳಿಗೊಮ್ಮೆ ಬಂದ ಒಬ್ಬ ಅಜ್ಜಿ ವರ್ಷಕ್ಕೆ ಹನ್ನೆರಡು ಸಾಲಾಗಿ, ಗುಂಪು ಸುರಕ್ಷಿತವಾಗಿದೆ ಎಂಬ ಸುಳ್ಳು ಲೆಕ್ಕ ಕೊಡುತ್ತಾರೆ. ಎಣಿಸಬೇಕಾದದ್ದು ಬೇರೆ ಬೇರೆ ಗ್ರಾಹಕರನ್ನು:

```python
df.groupby(["age_band", "sex", "pin3"])["cust"].nunique().sort_values()
```

ಮೇಲ್ತುದಿಯಲ್ಲಿ 1, 2 ಕಂಡರೆ ಹೊರಗಿನವರ ಕೈಗೆ ಕೊಡುವ ಸ್ಥಿತಿಯಲ್ಲಿಲ್ಲ ಎಂದರ್ಥ. ಸಾಮಾನ್ಯವಾಗಿ ಅಲ್ಲಿ ಸಿಗುವವರು ಎಂಬತ್ತು ದಾಟಿದವರು, ಇಲ್ಲವೇ 580ರ ಹೊರಗಿನಿಂದ ಬಂದವರು. ಮೊದಲ ಗುಂಪನ್ನು ‘70ಕ್ಕೆ ಮೇಲ್ಪಟ್ಟು’ ಎಂದೂ ಎರಡನೆಯದನ್ನು ‘ಇತರೆ’ ಎಂದೂ ಸೇರಿಸಿ ಮತ್ತೆ ಎಣಿಸಬೇಕು. ಆಗಲೂ ಚಿಕ್ಕದಾಗಿ ಉಳಿದ ಗುಂಪುಗಳ ಸಾಲುಗಳನ್ನು ಬಿಡಬೇಕು. ಇಷ್ಟಾದರೂ ಅಂತರಗಳ ಸಾಲೇ ಒಬ್ಬರಿಗೆ ವಿಶಿಷ್ಟವಾಗಿರಬಹುದು. ಅಪಾಯ ತಗ್ಗಿತೇ ಹೊರತು ಇಲ್ಲವಾಗಲಿಲ್ಲ. ಸಾಲುಗಳನ್ನೇ ಕೊಡದೆ ಲೆಕ್ಕಕ್ಕೆ ಅಳೆದ ಗದ್ದಲ ಬೆರೆಸಿ ಉತ್ತರ ಮಾತ್ರ ಕೊಡುವ ಭೇದಾತ್ಮಕ ಖಾಸಗಿತನ, ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟದ್ದು, ಈ ಕಾರಣಕ್ಕೇ ಬೆಳೆಯಿತು. ಅಮೆರಿಕದ 2020ರ ಜನಗಣತಿ ಅದನ್ನು ಬಳಸಿತು. ಆದರೆ ಕೆಲವೇ ನೂರು ಗ್ರಾಹಕರ ಅಂಗಡಿಯಲ್ಲಿ ಗದ್ದಲವೇ ಉತ್ತರವನ್ನು ನುಂಗಿಬಿಡಬಹುದು.

ಕಡತವನ್ನು ಎಕ್ಸೆಲ್‌ನಲ್ಲಿ ಕಳಿಸುವ ಅಭ್ಯಾಸ ಈ ಎಲ್ಲ ಕೆಲಸವನ್ನೂ ಹಾಳುಮಾಡಬಲ್ಲದು. ಮರೆಮಾಡಿದ ಕಾಲಂ ಅಳಿಸಿದ ಕಾಲಂ ಅಲ್ಲ, ಬಲ ಗುಂಡಿ ಒತ್ತಿ ‘Unhide’ ಎಂದರೆ ಎದ್ದು ಬರುತ್ತದೆ. ಪಿವಟ್ ಟೇಬಲ್ ಇನ್ನೂ ಕಪಟಿ: ಮೂಲ ಹಾಳೆ ಅಳಿಸಿದರೂ ಅದರ ದತ್ತಾಂಶದ ಪ್ರತಿ ಒಳಗೆ ಉಳಿದಿರಬಹುದು, ಒಟ್ಟು ಮೊತ್ತದ ಮೇಲೆ ಎರಡು ಸಲ ಒತ್ತಿದರೆ ಹೆಸರು ಸಮೇತ ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತದೆ. ಕಳಿಸುವ ಮುನ್ನ ಸಿಎಸ್‌ವಿಯಾಗಿ ಉಳಿಸಿ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಮೊದಲ ಸಾಲಿನಲ್ಲಿರುವ ಕಾಲಂಗಳ ಹೆಸರನ್ನು ಒಂದೊಂದಾಗಿ ಓದಿ ನೋಡಬೇಕು.