ಇನ್ವರ್ಟರ್ ಇಲ್ಲದ ಡಿಸಿ ಮನೆ: ಡೊಂಬಿವಲಿ ಫ್ಲ್ಯಾಟ್‌ನಲ್ಲಿ ಕರೆಂಟ್ ನಿಜಕ್ಕೂ ಉಳಿಯುತ್ತಾ?

ಸೋಲಾರ್ ಪ್ಯಾನೆಲ್ ಕೊಡುವುದು ಡಿಸಿ ವಿದ್ಯುತ್. ಬ್ಯಾಟರಿಯಲ್ಲಿರುವುದೂ ಡಿಸಿ. ಎಲ್‌ಇಡಿ ಬಲ್ಬ್ ಮತ್ತು ಹೊಸ ಬಿಎಲ್‌ಡಿಸಿ ಫ್ಯಾನ್‌ಗಳ ಒಳಗೆ ಓಡುವುದೂ ಡಿಸಿಯೇ. ಹಾಗಿದ್ದ ಮೇಲೆ ನಡುವೆ ಅದನ್ನು ಎಸಿ ಮಾಡಿ, ಮತ್ತೆ ಡಿಸಿ ಮಾಡುವುದೇಕೆ? ಇನ್ವರ್ಟರ್ ಕಿತ್ತುಹಾಕಿ ನೇರ ಡಿಸಿ ಲೈನ್ ಎಳೆದರೆ ಬಿಲ್ ಇಳಿಯುವುದಿಲ್ಲವೇ? ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈನ ಫ್ಲ್ಯಾಟ್‌ಗಳಲ್ಲಿರುವ ಕನ್ನಡಿಗರಿಗೂ ಈ ಪ್ರಶ್ನೆ ಬರಬಹುದು. ಲೆಕ್ಕ ಹಾಕಿದರೆ ಉತ್ತರ ಸ್ವಲ್ಪ ನಿರಾಸೆ ತರುತ್ತದೆ.

ಡೊಂಬಿವಲಿಯ ಒಂದು ವನ್ ಬಿಎಚ್‌ಕೆ ಫ್ಲ್ಯಾಟ್ ತೆಗೆದುಕೊಳ್ಳಿ. ಎರಡು ಹಳೇ ಫ್ಯಾನ್, ತಲಾ 75 ವ್ಯಾಟ್, ದಿನಕ್ಕೆ 12 ಗಂಟೆ ತಿರುಗಿದರೆ 1.8 ಯೂನಿಟ್. ಅವನ್ನು 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ ಬದಲಾಯಿಸಿದರೆ ಖರ್ಚು 0.67 ಯೂನಿಟ್‌ಗೆ ಇಳಿಯುತ್ತದೆ. ತಿಂಗಳಿಗೆ ಸುಮಾರು 34 ಯೂನಿಟ್ ಉಳಿತಾಯ. ಇದಕ್ಕೆ ಮನೆಯ ವೈರಿಂಗ್ ಮುಟ್ಟಬೇಕಿಲ್ಲ, ಏಕೆಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬಿಎಲ್‌ಡಿಸಿ ಫ್ಯಾನ್ 230 ವೋಲ್ಟ್ ಎಸಿಗೇ ಹಾಕುವಂಥದ್ದು. ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್ ಅದರೊಳಗೇ ಇರುತ್ತದೆ.

ಆ ಸರ್ಕ್ಯೂಟ್‌ನಲ್ಲಿ ಪೋಲಾಗುವುದು ಫ್ಯಾನಿಗೆ ಮೂರೂವರೆ ವ್ಯಾಟ್ ಎಂದಿಟ್ಟುಕೊಳ್ಳಿ. ನೇರ ಡಿಸಿ ಕೊಟ್ಟರೆ ಎರಡು ಫ್ಯಾನ್‌ಗಳಿಂದ ತಿಂಗಳಿಗೆ ಉಳಿಯುವುದು ಎರಡೂವರೆ ಯೂನಿಟ್ ಮಾತ್ರ. ಅದೂ ಡಿಸಿ ನಿಮ್ಮದೇ ಪ್ಯಾನೆಲ್‌ನಿಂದ ಬಂದರೆ! ಮಹಾವಿತರಣದ ಎಸಿಯನ್ನೇ ದೊಡ್ಡ ಅಡಾಪ್ಟರ್ ಹಾಕಿ ಡಿಸಿ ಮಾಡಿಕೊಂಡರೆ, ಫ್ಯಾನಿನೊಳಗೆ ಆಗುತ್ತಿದ್ದ ನಷ್ಟ ಅಡಾಪ್ಟರ್‌ನಲ್ಲಿ ಆಗುತ್ತದೆ, ಅಷ್ಟೇ. 34 ಯೂನಿಟ್ ಉಳಿಸಿದ್ದು ಮೋಟಾರ್, ಡಿಸಿ ಲೈನ್ ಅಲ್ಲ.

ಮುಂದಿನ ತೊಡಕು ವೈರಿನದು. ಎರಡು ಫ್ಯಾನ್, 9 ವ್ಯಾಟ್‌ನ ನಾಲ್ಕು ಲೈಟ್ ಸೇರಿ 92 ವ್ಯಾಟ್. 12 ವೋಲ್ಟ್‌ನಲ್ಲಿ ಇದಕ್ಕೆ ಏಳೂವರೆ ಆಂಪಿಯರ್‌ಗೂ ಹೆಚ್ಚು ಕರೆಂಟ್ ಬೇಕು. ಬ್ಯಾಟರಿಯಿಂದ 15 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದರೆ ದಾರಿಯಲ್ಲೇ ಎರಡೂಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ, ಅಂದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇನ್ವರ್ಟರ್ ತಿನ್ನುತ್ತಿದ್ದುದನ್ನು ಈಗ ವೈರ್ ತಿನ್ನುತ್ತದೆ. ಫ್ಯಾನ್ ಹಾಕಿದ ಕೂಡಲೇ ಲೈಟ್ ಮಂಕಾದರೆ ಇದೇ ಕಾರಣವೆಂದು ಅನುಮಾನಿಸಿ; ಬ್ಯಾಟರಿ ಬಳಿ ಮತ್ತು ಫ್ಯಾನ್ ಬಳಿ ಮಲ್ಟಿಮೀಟರ್ ಇಟ್ಟು ನೋಡಿದರೆ ಖಚಿತವಾಗುತ್ತದೆ. 48 ವೋಲ್ಟ್ ಆದರೆ ಅದೇ ವೈರಿನಲ್ಲಿ ನಷ್ಟ ಒಂದೂವರೆ ಶೇಕಡಾದಷ್ಟೇ.

ಐಐಟಿ ಮದ್ರಾಸ್‌ನ ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಇನ್ವರ್ಟರ್ ಇಲ್ಲದ ಸೋಲಾರ್ ವ್ಯವಸ್ಥೆಗೆ 48 ವೋಲ್ಟ್ ಆರಿಸಿಕೊಂಡಿತು. ಈ ವೋಲ್ಟೇಜಿಗೆ 2017ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನದಂಡವೂ ಬಂತು, ಐಎಸ್ 16711. ಆದರೆ ಆ ವ್ಯವಸ್ಥೆ ಹೆಸರು ಮಾಡಿದ್ದು ರಾಜಸ್ಥಾನದ ಜೋಧಪುರ, ಜೈಸಲ್ಮೇರ್ ಕಡೆಯ ಒಂಟಿ ಮನೆಗಳಲ್ಲಿ. ಅಲ್ಲಿ ಪ್ರತಿ ಯೂನಿಟ್ಟೂ ಪ್ಯಾನೆಲ್‌ನಿಂದಲೇ ಬರಬೇಕು, ಹಾಗಾಗಿ ಪ್ರತಿ ವ್ಯಾಟ್ ಉಳಿಸಿದರೂ ಚಿಕ್ಕ ಪ್ಯಾನೆಲ್, ಚಿಕ್ಕ ಬ್ಯಾಟರಿ ಸಾಕಾಗುತ್ತದೆ. ಏಳನೇ ಮಹಡಿಯ ಫ್ಲ್ಯಾಟ್‌ಗೆ ಸ್ವಂತ ಚಾವಣಿಯೇ ಇಲ್ಲವಲ್ಲ!

ಪಂಪ್ ವಿಷಯದಲ್ಲಿ ಹಲವರಿಗೆ ಆಸೆ ಹೆಚ್ಚು. ಸೊಸೈಟಿಯ ಟೆರೇಸ್ ಮೇಲಿನ ಪ್ಯಾನೆಲ್‌ಗೆ ಡಿಸಿ ಪಂಪ್ ನೇರ ಜೋಡಿಸಿದರೆ ಬ್ಯಾಟರಿಯೂ ಬೇಡ, ಮೇಲಿನ ಟ್ಯಾಂಕೇ ಬ್ಯಾಟರಿ. ಹೊಲದ ಬಾವಿಗೆ ಇದು ಒಳ್ಳೆಯ ಉಪಾಯ. ಸೊಸೈಟಿಯಲ್ಲಿ ಟ್ಯಾಂಕ್ ತುಂಬಿದ ಮೇಲೆ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯಿಸುತ್ತದೆ. ಗ್ರಿಡ್‌ಗೆ ಜೋಡಿಸುವ ಒಳ್ಳೆಯ ಇನ್ವರ್ಟರ್ ಕಳೆಯುವುದು ಮೂರು ನಾಲ್ಕು ಶೇಕಡಾ. ನೆಟ್ ಮೀಟರಿಂಗ್ ಇದ್ದರೆ ಮಿಕ್ಕ ಕರೆಂಟ್ ಲಿಫ್ಟ್‌ಗೆ ಹೋಗಿ, ಉಳಿದದ್ದು ಬಿಲ್‌ನಲ್ಲಿ ಜಮೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆಯಲ್ಲಿ ನೇರ ಪಂಪ್ ನಂಬಿ ಕೂರುವುದಂತೂ ಕಷ್ಟ.

ಹಾಗಾದರೆ ಫ್ಲ್ಯಾಟ್‌ನಲ್ಲಿ ಡಿಸಿಗೆ ಜಾಗವೇ ಇಲ್ಲವೇ? ಇದೆ, ಕರೆಂಟ್ ಹೋದಾಗ. ಒಂದು ಫ್ಯಾನ್, ಎರಡು ಲೈಟ್ ಸೇರಿ 46 ವ್ಯಾಟ್. ಇಷ್ಟು ಚಿಕ್ಕ ಲೋಡ್‌ಗೆ ಮನೆ ಇನ್ವರ್ಟರ್ ತಾನೇ 15 ವ್ಯಾಟ್‌ನಷ್ಟು ತಿಂದರೆ, 150 ಎಎಚ್ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದಾಗ ಸಿಗುವುದು ಸುಮಾರು 15 ಗಂಟೆ. ನೇರ ಡಿಸಿ ಫ್ಯಾನ್, ಡಿಸಿ ಲೈಟ್ ಇದ್ದರೆ 19 ಗಂಟೆ ದಾಟುತ್ತದೆ.

ಇಂಥ ಲೈನ್ ಹಾಕಿಸುವವರು ಎಸಿಯ ಸ್ವಿಚ್, ಎಂಸಿಬಿಯನ್ನೇ ಬಳಸಬಾರದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಸ್ವಿಚ್‌ನ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಹಾಗಾಗದೆ ಕಿಡಿ ಎಳೆದುಕೊಂಡು ಒಳಗಿನ ಕಾಂಟ್ಯಾಕ್ಟ್ ಸುಡುತ್ತದೆ. ಡಿಸಿ ಎಂದು ಬರೆದಿರುವ ಎಂಸಿಬಿ ಮತ್ತು ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಬೇಕು. 230 ವೋಲ್ಟ್ ಪ್ಲಗ್ ಹೋಗದಂಥ ಬೇರೆ ಸಾಕೆಟ್ ಹಾಕಿಸಿ. ಇಲ್ಲದಿದ್ದರೆ ಮುಂದೊಂದು ದಿನ ಯಾರೋ 12 ವೋಲ್ಟ್ ಫ್ಯಾನನ್ನು ಗೋಡೆಯ ಎಸಿಗೆ ಸಿಕ್ಕಿಸುತ್ತಾರೆ.