ಕೋಟೆಗೋಡೆಯ ಆಮ್ಲ

ಗ್ರೀಕ್ ಭಾಷೆಯಲ್ಲಿ ಗೋಡೆಗೆ ಎರಡು ಮಾತುಗಳಿವೆ. ಮನೆಯ ಗೋಡೆಗೆ ಒಂದು, ಊರನ್ನು ಸುತ್ತುವರಿದು ಕಾಯುವ ಗೋಡೆಗೆ ಇನ್ನೊಂದು. ಈ ಎರಡನೆಯದಕ್ಕೆ ಅವರು ‘ಟೈಖೋಸ್’ ಎನ್ನುತ್ತಿದ್ದರು. ನಾವು ಪ್ರಾಕಾರ ಎಂದೋ ಕೋಟೆಗೋಡೆ ಎಂದೋ ಹೇಳುತ್ತೇವೆ. 1958ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ರಸಾಯನಶಾಸ್ತ್ರಜ್ಞರು ತಮಗೆ ಹೊಸದಾಗಿ ದೊರೆತ ವಸ್ತುವೊಂದಕ್ಕೆ ಈ ಎರಡನೆಯ ಮಾತಿನಿಂದಲೇ ಹೆಸರು ಕಟ್ಟಿದರು. ಅದು ಟೈಕೋಯಿಕ್ ಆಮ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಮೈಗೋಡೆಯಲ್ಲಿ ಅಡಗಿರುವ ಈ ವಸ್ತು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಅರ್ಧ ಶತಮಾನ ಕಳೆಯಿತು. ಆ ಹುಡುಕಾಟದ ಚರಿತ್ರೆಯೇ ಇಂದಿನ ನನ್ನ ಮಾತಿನ ವಸ್ತು.

ಮೊದಲು ಗೋಡೆಯ ವಿಷಯ. 1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ, ಬ್ಯಾಕ್ಟೀರಿಯಾಗಳಿಗೆ ನೇರಿಳೆ ಬಣ್ಣ ಹಚ್ಚಿ ಆಮೇಲೆ ಆಲ್ಕೊಹಾಲಿನಿಂದ ತೊಳೆಯುವ ವಿಧಾನವೊಂದನ್ನು ಪ್ರಕಟಿಸಿದ. ಕೆಲವು ಬಣ್ಣ ಬಿಟ್ಟವು, ಕೆಲವು ಬಿಡಲಿಲ್ಲ. ಬಣ್ಣ ಬಿಡದವುಗಳನ್ನು ಗ್ರಾಂ-ಧನ ಬ್ಯಾಕ್ಟೀರಿಯಾಗಳೆಂದು ಕರೆಯುವುದು ರೂಢಿಯಾಯಿತು. ಬಣ್ಣ ಹಿಡಿದುಕೊಳ್ಳುವುದಕ್ಕೆ ಅವುಗಳ ದಪ್ಪನಾದ ಗೋಡೆಯೇ ಕಾರಣ. ಸಕ್ಕರೆಯ ಎಳೆಗಳನ್ನು ಅಮಿನೋ ಆಮ್ಲಗಳ ಕೊಂಡಿಗಳಿಂದ ಹೆಣೆದು ಮಾಡಿದ ಬಲೆ ಅದು; ಪೆಪ್ಟಿಡೊಗ್ಲೈಕಾನ್ ಎಂದು ಅದರ ಹೆಸರು. ಪೆನಿಸಿಲಿನ್ ಕಡಿಯುವುದು ಈ ಹೆಣಿಗೆಯನ್ನೇ. ಬಹಳ ಕಾಲ ಗೋಡೆಯೆಂದರೆ ಈ ಬಲೆ ಮಾತ್ರ ಎಂಬ ಭಾವನೆ ಇತ್ತು. ಆದರೆ ಅದರಲ್ಲಿ ರಂಜಕವೂ ಇದೆ ಎಂಬ ಸುಳಿವು ಆಗಲೇ ದೊರೆತಿತ್ತು. 1951ರಲ್ಲಿ ಪೀಟರ್ ಮಿಚೆಲ್ ಮತ್ತು ಜೆನಿಫರ್ ಮೊಯ್ಲ್ ಎಂಬ ಸಂಶೋಧಕರು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಗ್ಲಿಸರಾಲ್ ಮತ್ತು ಫಾಸ್ಫೇಟು ಸೇರಿದ ವಸ್ತುವನ್ನು ಕಂಡಿದ್ದರು. ಮುಂದೆ ಬೇರೊಂದು ಸಂಶೋಧನೆಗಾಗಿ 1978ರಲ್ಲಿ ನೊಬೆಲ್ ಬಹುಮಾನ ಪಡೆದ ಮಿಚೆಲ್ ಇವರೇ.

ನ್ಯೂಕ್ಯಾಸಲ್ಲಿನ ಜೇಮ್ಸ್ ಬ್ಯಾಡಿಲಿ ಗೋಡೆಯ ಕಡೆಗೆ ಬಂದದ್ದು ಬೇರೆ ದಾರಿಯಿಂದ. 1956ರಲ್ಲಿ ಅವರ ಗುಂಪು ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಒಂದರಿಂದ ಎರಡು ಸಣ್ಣ ಸಂಯುಕ್ತಗಳನ್ನು ಬೇರ್ಪಡಿಸಿತು. ಎರಡರಲ್ಲಿಯೂ ಸೈಟಿಡೀನ್ ಎಂಬ ತುಣುಕಿತ್ತು. ಫಾಸ್ಫೇಟಿನ ಮೂಲಕ ಒಂದಕ್ಕೆ ಗ್ಲಿಸರಾಲ್, ಇನ್ನೊಂದಕ್ಕೆ ರೈಬಿಟಾಲ್ ಅಂಟಿಕೊಂಡಿತ್ತು. ರೈಬಿಟಾಲ್ ಐದು ಇಂಗಾಲದ ಸಕ್ಕರೆ-ಮದ್ಯ. ಬಿ2 ಜೀವಸತ್ವದ ಒಂದು ಭಾಗವಾಗಿ ಅದರ ಪರಿಚಯ ರಸಾಯನಶಾಸ್ತ್ರಜ್ಞರಿಗೆ ಇತ್ತು. ಈ ಬಗೆಯ ಸಂಯುಕ್ತಗಳು ಜೀವಕೋಶದಲ್ಲಿ ಸಾಮಾನು ಹೊತ್ತೊಯ್ಯುವ ಗಾಡಿಗಳಿದ್ದಂತೆ. ಗಾಡಿಯಲ್ಲಿ ಇಟ್ಟಿಗೆ ತುಂಬಿರುವುದನ್ನು ಕಂಡವರು, ಎಲ್ಲೋ ಒಂದು ಕಟ್ಟಡ ಏಳುತ್ತಿರಬೇಕು ಎಂದು ಊಹಿಸುತ್ತಾರೆ. ಬ್ಯಾಡಿಲಿ ಮಾಡಿದ್ದೂ ಅದನ್ನೇ. ಗೋಡೆಯನ್ನು ಮಾತ್ರ ಶುದ್ಧವಾಗಿ ಬೇರ್ಪಡಿಸಿ, ತಣ್ಣನೆಯ ಟ್ರೈಕ್ಲೋರೊಅಸಿಟಿಕ್ ಆಮ್ಲದಲ್ಲಿ ನೆನೆಯಿಟ್ಟರು. ಕರಗಿ ಬಂದ ವಸ್ತುವನ್ನು ಆಲ್ಕೊಹಾಲಿನಿಂದ ಒತ್ತರಿಸಿ ಪರೀಕ್ಷಿಸಿದಾಗ, ಅದು ರೈಬಿಟಾಲ್ ಮತ್ತು ಫಾಸ್ಫೇಟುಗಳು ಒಂದಾದ ಮೇಲೊಂದರಂತೆ ಪೋಣಿಸಿಕೊಂಡ ಸರ ಎಂದು ತಿಳಿಯಿತು. ಸರದ ಮಣಿಗಳಿಗೆ ಅಲ್ಲಲ್ಲಿ ಸಕ್ಕರೆಯೂ ಅಲನೀನ್ ಎಂಬ ಅಮಿನೋ ಆಮ್ಲವೂ ಪದಕಗಳಂತೆ ತೂಗಿದ್ದವು.

ಇದು ಗೋಡೆಗೆ ಮೆತ್ತಿದ ಕೊಳೆಯಂತಿರಲಿಲ್ಲ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಗೋಡೆಯ ಒಣತೂಕದ ಅರ್ಧದಷ್ಟು ಈ ಸರಗಳೇ. ಒಂದು ಬಗೆಯ ಸರ ಪೆಪ್ಟಿಡೊಗ್ಲೈಕಾನಿನ ಬಲೆಗೆ ಗಟ್ಟಿಯಾಗಿ ಹೊಲಿದುಕೊಂಡು ಹೊರಕ್ಕೆ ಚಾಚಿರುತ್ತದೆ. ಅದನ್ನು ಗೋಡೆಯ ಟೈಕೋಯಿಕ್ ಆಮ್ಲ ಎನ್ನುತ್ತಾರೆ. ಇನ್ನೊಂದು ಬಗೆ ಗೋಡೆಯ ಕೆಳಗಿನ ಪೊರೆಯ ಕೊಬ್ಬಿನಲ್ಲಿ ಬೇರೂರಿರುತ್ತದೆ. ಅದು ಲೈಪೊಟೈಕೋಯಿಕ್ ಆಮ್ಲ. ಇಷ್ಟೊಂದು ಫಾಸ್ಫೇಟನ್ನು ಬ್ಯಾಕ್ಟೀರಿಯಾ ಗೋಡೆಗೆ ಸುರಿಯುವುದೇಕೆ?

ಮೊದಲ ಉತ್ತರ ಹೊಳೆದದ್ದು ಅಯಾನುಗಳ ಕಡೆಯಿಂದ. ಸರದ ಪ್ರತಿಯೊಂದು ಫಾಸ್ಫೇಟೂ ಒಂದು ಋಣ ವಿದ್ಯುದಂಶವನ್ನು ಹೊತ್ತಿದೆ. ಮೆಗ್ನೀಸಿಯಂ ಎರಡು ಧನ ಅಂಶಗಳ ಅಯಾನು. ಹಾಗಾಗಿ ಈ ಸರಗಳು ದ್ರವದಲ್ಲಿ ವಿರಳವಾಗಿ ತೇಲುವ ಮೆಗ್ನೀಸಿಯಮನ್ನು ಹಿಡಿದು ಪೊರೆಯ ಹತ್ತಿರ ಕೂಡಿಡುತ್ತವೆ. ಪೊರೆಯಲ್ಲಿರುವ ಎಷ್ಟೋ ಕಿಣ್ವಗಳಿಗೆ ಅದು ಬೇಕೇ ಬೇಕು. ಈ ವಿಚಾರವನ್ನು 1970ರ ಸುಮಾರಿಗೆ ಬ್ಯಾಡಿಲಿಯವರ ಗುಂಪು ಮುಂದಿಟ್ಟಿತು. ಅದಕ್ಕೆ ಬಲ ಕೊಟ್ಟ ಪ್ರಯೋಗವೊಂದನ್ನು ಇಂಗ್ಲೆಂಡಿನವರೇ ಆದ ಎಲ್‌ವುಡ್ ಮತ್ತು ಟೆಂಪೆಸ್ಟ್ 1960ರ ದಶಕದ ಕೊನೆಯಲ್ಲಿ ನಡೆಸಿದ್ದರು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವರು ಬಳಸಿದ್ದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಕಡ್ಡಿಯಾಕಾರದ, ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಒಂದು ಪಾತ್ರೆಗೆ ಹೊಸ ಆಹಾರದ್ರವ ನಿಯತವಾಗಿ ಬಂದು ಬೀಳುತ್ತದೆ. ಅಷ್ಟೇ ದ್ರವ ಬ್ಯಾಕ್ಟೀರಿಯಾಸಮೇತ ಹೊರಕ್ಕೆ ಹರಿಯುತ್ತದೆ. ಆಹಾರದಲ್ಲಿ ಯಾವುದಾದರೂ ಒಂದು ಪದಾರ್ಥವನ್ನು ಬೇಕೆಂದೇ ಕಡಿಮೆ ಮಾಡಿ, ಉಳಿದುದನ್ನು ಧಾರಾಳವಾಗಿ ಕೊಡಬಹುದು. ಮೆಗ್ನೀಸಿಯಮನ್ನು ಕಡಿಮೆ ಮಾಡಿದಾಗ ಗೋಡೆಯಲ್ಲಿ ಟೈಕೋಯಿಕ್ ಆಮ್ಲ ಸಮೃದ್ಧವಾಗಿತ್ತು. ಫಾಸ್ಫೇಟನ್ನು ಕಡಿಮೆ ಮಾಡಿದಾಗ ಅದು ಮಾಯವಾಯಿತು. ಆದರೆ ಅದರ ಜಾಗ ಬರಿದಾಗಿ ಉಳಿಯಲಿಲ್ಲ. ಫಾಸ್ಫೇಟೇ ಇಲ್ಲದ, ಸಕ್ಕರೆಯ ಆಮ್ಲದಿಂದ ಮಾಡಿದ ಟೈಕುರೋನಿಕ್ ಆಮ್ಲ ಎಂಬ ಬೇರೊಂದು ಸರ ಬಂದು ಅಲ್ಲಿ ನಿಂತಿತು. ಅದರಲ್ಲಿಯೂ ಋಣ ವಿದ್ಯುದಂಶ ಇದೆ, ಅದು ಕಾರ್ಬಾಕ್ಸಿಲ್ ಗುಂಪಿನಿಂದ ಬರುತ್ತದೆ ಅಷ್ಟೆ. ಬಡತನ ಬಂದಾಗ ಬ್ಯಾಕ್ಟೀರಿಯಾ ಫಾಸ್ಫೇಟನ್ನು ಉಳಿಸಿಕೊಳ್ಳುತ್ತದೆ, ಋಣಾಂಶವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಗೋಡೆಗೆ ಅನಿವಾರ್ಯವಾದದ್ದು ಫಾಸ್ಫೇಟಲ್ಲ, ಋಣಾಂಶವುಳ್ಳ ಸರ ಎಂಬುದು ಇದರಿಂದ ಊಹಿಸಬಹುದಾದ ಮಾತು.

ಅಲನೀನಿನ ಪದಕಗಳ ಅರ್ಥವೂ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಅಲನೀನಿನ ತುದಿಯಲ್ಲಿ ಧನ ವಿದ್ಯುದಂಶ ಇದೆ. ಪದಕಗಳು ಹೆಚ್ಚಿದಂತೆ ಸರದ ಋಣಾಂಶ ಅಷ್ಟರಮಟ್ಟಿಗೆ ತಗ್ಗುತ್ತದೆ, ಮೆಗ್ನೀಸಿಯಂ ಹಿಡಿಯುವ ಶಕ್ತಿಯೂ ತಗ್ಗುತ್ತದೆ. ಪದಕಗಳ ಸಂಖ್ಯೆಯನ್ನು ಏರಿಳಿಸಿ ಬ್ಯಾಕ್ಟೀರಿಯಾ ತನ್ನ ಗೋಡೆಯ ವಿದ್ಯುತ್ ಸ್ವಭಾವವನ್ನು ಹದಕ್ಕೆ ತಂದುಕೊಳ್ಳುತ್ತದೆ.

ಎರಡನೆಯ ಉತ್ತರ ಆಕಾರದ್ದು. 1972ರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್‌ನ ಮ್ಯೂಟೆಂಟ್ ಒಂದರ ವರದಿ ಬಂತು. 30 ಡಿಗ್ರಿಯಲ್ಲಿ ಅದು ಎಲ್ಲರಂತೆ ಕಡ್ಡಿ. 45 ಡಿಗ್ರಿಯಲ್ಲಿ ಅದರ ಟೈಕೋಯಿಕ್ ಆಮ್ಲದ ತಯಾರಿಕೆ ಕೆಡುತ್ತಿತ್ತು, ಕಡ್ಡಿ ಉಬ್ಬಿ ಅಂಕುಡೊಂಕಾದ ಗುಂಡಾಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಇಂಥ ಹಲವು ಜೀನುಗಳು ಪತ್ತೆಯಾದವು. ಅವುಗಳಿಗೆ ‘ಟ್ಯಾಗ್’ ಎಂಬ ಕುಲನಾಮವೂ ಬಂತು. ಅವುಗಳನ್ನು ಪೂರ್ತಿ ತೆಗೆಯಹೋದರೆ ಬ್ಯಾಕ್ಟೀರಿಯಾ ಬದುಕುತ್ತಿರಲಿಲ್ಲ. ಆದ್ದರಿಂದ ಟೈಕೋಯಿಕ್ ಆಮ್ಲವಿಲ್ಲದೆ ಇವುಗಳ ಜೀವವೇ ಇಲ್ಲ ಎಂಬ ತೀರ್ಮಾನ ಪಾಠಪುಸ್ತಕಗಳಲ್ಲಿ ನೆಲೆಯೂರಿತು.

ಆ ತೀರ್ಮಾನ ಅಲುಗಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. 2006ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಎರಿಕ್ ಬ್ರೌನ್ ಅವರ ಗುಂಪು ಒಂದು ವಿಚಿತ್ರವನ್ನು ತೋರಿಸಿತು. ತಯಾರಿಕೆಯ ಮೊದಲ ಮೆಟ್ಟಿಲಿನ ಜೀನು ‘ಟ್ಯಾಗ್-ಓ’. ಅದನ್ನು ತೆಗೆದರೆ ಟೈಕೋಯಿಕ್ ಆಮ್ಲ ಲವಲೇಶವೂ ಆಗುವುದಿಲ್ಲ. ಆದರೂ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕಡ್ಡಿ ಉಬ್ಬಿ ಗುಂಡಾಗುತ್ತದೆ, ಗೋಡೆಯ ದಪ್ಪ ಏರುಪೇರಾಗುತ್ತದೆ, ಬೆಳವಣಿಗೆ ಮಂದವಾಗುತ್ತದೆ. ಜೀವ ಮಾತ್ರ ಉಳಿಯುತ್ತದೆ. ಮುಂದಿನ ಮೆಟ್ಟಿಲಿನ ಜೀನನ್ನು ತೆಗೆದರೆ ಅದು ಸಾಯುತ್ತದೆ. ಅದಕ್ಕಿಂತ ಸೋಜಿಗವೆಂದರೆ, ಮುಂದಿನ ಜೀನಿನ ಜೊತೆಗೆ ಟ್ಯಾಗ್-ಓವನ್ನೂ ತೆಗೆದರೆ ಮತ್ತೆ ಬದುಕುತ್ತದೆ! ಒಂದು ನಷ್ಟ ಕೊಲ್ಲುತ್ತದೆ, ಎರಡು ನಷ್ಟಗಳು ಸೇರಿದರೆ ಉಳಿಸುತ್ತವೆ.

ಇದಕ್ಕೆ ಬಂದ ವಿವರಣೆ ನಮ್ಮ ಹಳ್ಳಿಯವರಿಗೂ ತಿಳಿಯುವಂಥದು. ಊರಿನಲ್ಲಿರುವುದು ಕೆಲವೇ ಗಾಡಿಗಳು, ಕಟ್ಟಡಗಳು ಎರಡು. ಪೆಪ್ಟಿಡೊಗ್ಲೈಕಾನಿನ ತುಂಡುಗಳನ್ನೂ ಟೈಕೋಯಿಕ್ ಸರವನ್ನೂ ಪೊರೆಯ ಆಚೆಗೆ ಸಾಗಿಸುವುದು 55 ಇಂಗಾಲದ ಉದ್ದಬಾಲವುಳ್ಳ ಒಂದೇ ಬಗೆಯ ಕೊಬ್ಬಿನ ಅಣು. ಕೋಶದಲ್ಲಿ ಅದರ ದಾಸ್ತಾನು ಅಲ್ಪ. ಟ್ಯಾಗ್-ಓದ ಕೆಲಸ ಗಾಡಿಗೆ ಮೊದಲ ಹೊರೆ ಏರಿಸುವುದು. ಹೊರೆ ಏರಿತು, ಮುಂದಿನ ಕೆಲಸ ನಿಂತಿತು ಎಂದುಕೊಳ್ಳಿ. ಆಗ ಗಾಡಿ ದಾರಿಯಲ್ಲೇ ಸಿಕ್ಕಿಬೀಳುತ್ತದೆ, ಇಳಿಸುವವರಿಲ್ಲ. ಒಂದೊಂದಾಗಿ ಗಾಡಿಗಳೆಲ್ಲ ಹಾಗೆ ಸಿಕ್ಕಿಬಿದ್ದರೆ ಪೆಪ್ಟಿಡೊಗ್ಲೈಕಾನಿಗೆ ಸಾಮಾನು ಬರುವುದಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಟೈಕೋಯಿಕ್ ಆಮ್ಲದ ಕೊರತೆಯಲ್ಲ, ಅರ್ಧಕ್ಕೆ ನಿಂತ ಅದರ ಕೆಲಸ. ಹೊರೆಯನ್ನೇ ಏರಿಸದಿದ್ದರೆ ಗಾಡಿಗಳು ಬಿಡುವಾಗಿ ಇರುತ್ತವೆ.

ಹಾಗೆಂದು ಈ ಸರಗಳು ದಂಡವೆನ್ನುವಂತಿಲ್ಲ. 2009ರಲ್ಲಿ ಜೆಫ್ ಎರಿಂಗ್ಟನ್ ಅವರ ಗುಂಪು ಎರಡು ಬಗೆಯ ಟೈಕೋಯಿಕ್ ಆಮ್ಲಗಳ ಕೆಲಸವನ್ನು ಬೇರೆಬೇರೆಯಾಗಿ ತೋರಿಸಿತು. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಗೋಡೆಯ ಬಗೆ ಕಡ್ಡಿ ಉದ್ದಕ್ಕೆ ಬೆಳೆಯಲು ಮುಖ್ಯ. ಪೊರೆಯ ಬಗೆ ಕೋಶ ಎರಡಾಗಿ ಸೀಳಲು ಮುಖ್ಯ. ಒಂದಿಲ್ಲದೆ ಬದುಕಬಹುದು, ಎರಡೂ ಇಲ್ಲದೆ ಆಗದು. ಈ ಕೆಲಸ ನಡೆದದ್ದೂ ನ್ಯೂಕ್ಯಾಸಲ್ಲಿನಲ್ಲಿಯೇ. 1958ರಲ್ಲಿ ಹೆಸರು ಹುಟ್ಟಿದ ಊರಿನಲ್ಲಿಯೇ ಆ ಹೆಸರಿನ ಹೊರೆ ಇಷ್ಟು ಸ್ಪಷ್ಟವಾದದ್ದು ಚರಿತ್ರೆಯ ಸೊಗಸಾದ ಕಾಕತಾಳೀಯ.

ಮೂರನೆಯ ಉತ್ತರ ಅಂಟಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ನಮ್ಮ ಆರೋಗ್ಯಕ್ಕೆ ತೀರ ಹತ್ತಿರವಾದದ್ದೂ ಇದೇ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ ಸುಮ್ಮನೆ ನೆಲೆಸಿರುತ್ತದೆ. ಗಾಯವೋ ಶಸ್ತ್ರಚಿಕಿತ್ಸೆಯೋ ಆದಾಗ ಒಳಹೊಕ್ಕು ಕಾಡುತ್ತದೆ. 2001ರಲ್ಲಿ ಜರ್ಮನಿಯಲ್ಲಿ ಆಂಡ್ರಿಯಾಸ್ ಪೆಷೆಲ್ ಅವರೊಡನೆ ಕೆಲಸ ಮಾಡಿದ ಗುಂಪು, ಅಲನೀನ್ ತೂಗಿಸಲಾರದ ಮ್ಯೂಟೆಂಟನ್ನು ಪರೀಕ್ಷಿಸಿತು. ಅದು ಪ್ಲಾಸ್ಟಿಕ್ಕಿಗೂ ಗಾಜಿಗೂ ಅಂಟಲಿಲ್ಲ. ಗೋಡೆಯ ಋಣಾಂಶ ಅತಿಯಾಗಿ ಹೆಚ್ಚಿ, ಮೇಲ್ಮೈ ಅದನ್ನು ದೂರ ತಳ್ಳಿತು. ರೋಗಿಯ ಮೈಗೆ ತೂರಿಸುವ ನಳಿಗೆಗಳ ಮೇಲೆ ಈ ಬ್ಯಾಕ್ಟೀರಿಯಾ ಹೇಗೆ ತಳವೂರುತ್ತದೆ ಎಂಬುದಕ್ಕೆ ಇದು ಒಂದು ಕೈಮರ. 2004ರಲ್ಲಿ ಅದೇ ಬಳಗದವರು ಗೋಡೆಯ ಟೈಕೋಯಿಕ್ ಆಮ್ಲವೇ ಇಲ್ಲದ ಮ್ಯೂಟೆಂಟನ್ನು ಹತ್ತಿ ಇಲಿಗಳ ಮೂಗಿಗೆ ಬಿಟ್ಟರು. ಪ್ರಯೋಗಶಾಲೆಯ ದ್ರವದಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ಅದಕ್ಕೆ ಮೂಗಿನಲ್ಲಿ ನೆಲೆ ಸಿಕ್ಕಲಿಲ್ಲ. ಬದುಕುವುದಕ್ಕೆ ಬೇಡವಾದದ್ದು, ನಮ್ಮೊಳಗೆ ಬಿಡಾರ ಹೂಡುವುದಕ್ಕೆ ಬೇಕೇ ಬೇಕು.

ಇದರ ಮುಂದಿನ ಎಳೆ ಔಷಧಗಳ ಕಡೆಗೆ ಹೋಗುತ್ತದೆ. ಮೆಥಿಸಿಲಿನ್ನಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆಸ್ಪತ್ರೆಗಳ ದೊಡ್ಡ ಪೀಡೆ. ಅದರಲ್ಲಿ ಟ್ಯಾಗ್-ಓವನ್ನು ತಡೆದರೆ ಬ್ಯಾಕ್ಟೀರಿಯಾ ಸಾಯದು, ಆದರೆ ಮೆಥಿಸಿಲಿನ್ನಿಗೆ ಮತ್ತೆ ಬಗ್ಗುತ್ತದೆ. ಟ್ಯುನಿಕಾಮೈಸಿನ್ ಎಂಬ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಹಾಕಿ ಇದನ್ನು ಪಾತ್ರೆಯಲ್ಲಿ ತೋರಿಸಿದ್ದಾರೆ. ಆದರೆ ಅದೇ ವಸ್ತು ನಮ್ಮ ಜೀವಕೋಶಗಳಲ್ಲಿಯೂ ಪ್ರೋಟೀನುಗಳಿಗೆ ಸಕ್ಕರೆ ಕೂಡಿಸುವ ಕೆಲಸವನ್ನು ತಡೆಯುವುದರಿಂದ ನಮಗೆ ವಿಷ. ಶತ್ರುವಿನ ಕೋಟೆಗೆ ಮಾತ್ರ ತಾಗಿ ನಮ್ಮ ಮನೆಯನ್ನು ಮುಟ್ಟದ ಅಣುವನ್ನು ಕಂಡುಹಿಡಿಯುವುದೇ ಇಲ್ಲಿನ ಕಷ್ಟ. ಅಂಥ ಅಣುಗಳನ್ನು ಹುಡುಕುವವರು ಗಾಡಿಗಳ ಲೆಕ್ಕವನ್ನೂ ಮರೆಯುವಂತಿಲ್ಲ. ಮೊದಲ ಮೆಟ್ಟಿಲನ್ನು ತಡೆಯುವ ಔಷಧ ಬ್ಯಾಕ್ಟೀರಿಯಾವನ್ನು ನಿಶ್ಶಸ್ತ್ರಗೊಳಿಸುತ್ತದೆ. ಮುಂದಿನ ಮೆಟ್ಟಿಲನ್ನು ತಡೆಯುವ ಔಷಧ ಅದನ್ನು ಕೊಲ್ಲುತ್ತದೆ. ಆದರೆ ಈ ಎರಡನೆಯದರಿಂದ ಪಾರಾಗಲು ಬ್ಯಾಕ್ಟೀರಿಯಾಕ್ಕೆ ತೀರ ಸುಲಭವಾದ ದಾರಿಯೊಂದಿದೆ: ತನ್ನ ಟ್ಯಾಗ್-ಓವನ್ನು ತಾನೇ ಕಳೆದುಕೊಳ್ಳುವುದು.