ಸಂಬಳವಿಲ್ಲದ ಅಸೈನ್‌ಮೆಂಟ್, ಮುಗಿಯದ ಇಂಟರ್‌ವ್ಯೂ ರೌಂಡ್: ಕಂಪನಿ ಹೇಗಿದೆ ಎಂದು ಸೇರುವ ಮೊದಲೇ ತಿಳಿಯುವುದು ಹೇಗೆ?

ಖಾಸಗಿ ಕಂಪನಿಯಲ್ಲಿ ಕೆಲಸ ಹುಡುಕುವವರಿಗೆ ಈಗ ರೆಸ್ಯೂಮೆ ಕಳುಹಿಸಿ ಒಂದು ಸಂದರ್ಶನ ಮುಗಿಸಿದರೆ ಸಾಲದು. ನಡುವೆ ಮನೆಯಲ್ಲಿ ಮಾಡಿ ಕಳುಹಿಸಬೇಕಾದ ಅಸೈನ್‌ಮೆಂಟ್ ಇರುತ್ತದೆ, ಅದರ ಮೇಲೆ ಪ್ರೆಸೆಂಟೇಷನ್ ಇರುತ್ತದೆ, ಆಮೇಲೆ 'ಇನ್ನೊಂದೇ ಒಂದು ರೌಂಡ್' ಎಂಬ ಫೋನ್ ಬರುತ್ತದೆ. ಅಸೈನ್‌ಮೆಂಟ್ ಕೊಡುವುದೇ ತಪ್ಪೆಂದಲ್ಲ. ಆದರೆ ಅದನ್ನು ಕೊಡುವ ರೀತಿಯಲ್ಲಿ ಆ ಕಂಪನಿ ಬೇರೆಯವರ ಸಮಯಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂಬುದು ಕಾಣುತ್ತದೆ. ಅದನ್ನು ಓದುವುದು ಹೇಗೆ? ಇಲ್ಲಿದೆ ಮಾಹಿತಿ.

ಮೊದಲು ನೋಡಬೇಕಾದದ್ದು: ಯಾರ ಸಮಯ ಖರ್ಚಾಗುತ್ತಿದೆ?

ಸಂದರ್ಶನದಲ್ಲಿ ಎರಡೂ ಕಡೆಯವರ ಸಮಯ ಹೋಗುತ್ತದೆ. ಒಂದು ಗಂಟೆ ಅಭ್ಯರ್ಥಿ ಕೂತರೆ, ಎದುರಿಗೆ ಮ್ಯಾನೇಜರ್ ಕೂಡ ಒಂದು ಗಂಟೆ ಕೂರಬೇಕು. ಹೀಗಾಗಿ ಕಂಪನಿ ಸುಮ್ಮನೆ ನೂರು ಜನರನ್ನು ಕರೆಯುವುದಿಲ್ಲ. ಅಸೈನ್‌ಮೆಂಟ್‌ಗೆ ಈ ಕಡಿವಾಣ ಇಲ್ಲ. ಒಂದೇ ಮೇಲ್ ಅನ್ನು ನೂರು ಜನರಿಗೆ ಕಳುಹಿಸಲು ಎಚ್‌ಆರ್‌ಗೆ ಐದು ನಿಮಿಷ ಸಾಕು, ಆದರೆ ಆ ನೂರು ಜನ ತಲಾ ಹತ್ತು ಗಂಟೆ ಕೂತು ಕೆಲಸ ಮಾಡುತ್ತಾರೆ.

ಆದ್ದರಿಂದ ಅಸೈನ್‌ಮೆಂಟ್ ಯಾವ ಹಂತದಲ್ಲಿ ಬಂತು ಎಂಬುದೇ ಮೊದಲ ಸೂಚನೆ. ಮ್ಯಾನೇಜರ್ ಒಮ್ಮೆ ಮಾತಾಡಿ, ಸಂಬಳದ ಅಂದಾಜು ಹೇಳಿ, ಆಯ್ಕೆಯಾದ ನಾಲ್ಕೈದು ಜನರಿಗೆ ಮಾತ್ರ ಕೊಟ್ಟಿದ್ದರೆ ಅದು ಪರೀಕ್ಷೆ. ಯಾರೂ ಮಾತಾಡುವ ಮೊದಲೇ ಅರ್ಜಿ ಹಾಕಿದ ಎಲ್ಲರಿಗೂ ಬಂದಿದ್ದರೆ, ಜರಡಿ ಹಿಡಿಯುವ ಕೆಲಸವನ್ನು ಕಂಪನಿ ಅಭ್ಯರ್ಥಿಗಳ ಖರ್ಚಿನಲ್ಲೇ ಮಾಡಿಕೊಳ್ಳುತ್ತಿದೆ ಎಂದರ್ಥ.

ಒಂದು ಉದಾಹರಣೆ, ಲೆಕ್ಕ ಸಮೇತ

ಮುಂಬೈಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿರುವ, ತಿಂಗಳಿಗೆ 50,000 ರೂಪಾಯಿ ಸಂಬಳದ ಒಬ್ಬ ಯುವತಿ ಹೊಸ ಕೆಲಸ ಹುಡುಕುತ್ತಿದ್ದಾರೆ ಎಂದುಕೊಳ್ಳೋಣ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಎಂದರೆ 176 ಗಂಟೆ. ಅಂದರೆ ಅವರ ಒಂದು ಗಂಟೆಯ ಬೆಲೆ ಸುಮಾರು 284 ರೂಪಾಯಿ.

ಮೊದಲ ಕಂಪನಿ 'ಮೂರ್ನಾಲ್ಕು ಗಂಟೆ ಸಾಕು' ಎಂದು ಹೇಳಿ ಅಸೈನ್‌ಮೆಂಟ್ ಕೊಡುತ್ತದೆ. ಮುಂದಿನ ತಿಂಗಳು ಮಾರುಕಟ್ಟೆಗೆ ಬರಲಿರುವ ತನ್ನದೇ ಉತ್ಪನ್ನಕ್ಕೆ ಮೂರು ತಿಂಗಳ ಸೋಷಿಯಲ್ ಮೀಡಿಯಾ ಪ್ಲಾನ್ ಬೇಕಂತೆ. ಪ್ರತಿಸ್ಪರ್ಧಿಗಳ ಅಧ್ಯಯನಕ್ಕೆ 4 ಗಂಟೆ, ಕ್ಯಾಲೆಂಡರ್‌ಗೆ 6 ಗಂಟೆ, ಮಾದರಿ ಪೋಸ್ಟ್‌ಗಳಿಗೆ 6 ಗಂಟೆ, ಸ್ಲೈಡ್‌ಗಳಿಗೆ 2 ಗಂಟೆ ಹಿಡಿದು ಒಟ್ಟು 18 ಗಂಟೆ ಆಗುತ್ತದೆ. ನಂತರ ಪ್ರೆಸೆಂಟೇಷನ್, ಅದಾದ ಮೇಲೆ ಇನ್ನಿಬ್ಬರು ಮ್ಯಾನೇಜರ್‌ಗಳ ಜತೆ ಮಾತು, ಕೊನೆಗೆ ವೈಸ್ ಪ್ರೆಸಿಡೆಂಟ್ ಜತೆ ಒಂದು ರೌಂಡ್. ಇವೆಲ್ಲ ಸೇರಿ 4 ಗಂಟೆ. ಒಟ್ಟು 22 ಗಂಟೆ, ಅಂದರೆ ಸುಮಾರು 6,250 ರೂಪಾಯಿ ಬೆಲೆಯ ಸಮಯ. ಈಗಿನ ಆಫೀಸಿನಲ್ಲಿ ಎರಡು ಅರ್ಧ ದಿನದ ರಜೆ ಬೇರೆ.

ಇಲ್ಲಿ ಗಂಟೆಗಳಿಗಿಂತ ಮುಖ್ಯವಾದ ವಿವರ ಇನ್ನೊಂದಿದೆ. ಪ್ರೆಸೆಂಟೇಷನ್ ದಿನ ಮ್ಯಾನೇಜರ್ ಫೈಲ್ ತೆರೆದೇ ಇರಲಿಲ್ಲ. ಮುಂದಿನ ಇಬ್ಬರೂ 'ನಿಮ್ಮ ಬಗ್ಗೆ ಹೇಳಿ' ಎಂಬಲ್ಲಿಂದಲೇ ಶುರು ಮಾಡಿದರು. ಹಿಂದಿನ ರೌಂಡ್‌ನಲ್ಲಿ ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ ಅಥವಾ ಬರೆದದ್ದನ್ನು ಯಾರೂ ಓದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಸೇರಿದ ಮೇಲೂ ಅವರು ರಾತ್ರಿ ಕೂತು ಮಾಡಿದ ರಿಪೋರ್ಟ್‌ಗೆ ಇದೇ ಗತಿ ಆಗಬಹುದು.

ಎರಡನೇ ಕಂಪನಿ ಒಂದು ಕಾಲ್ಪನಿಕ ಚಹಾ ಬ್ರ್ಯಾಂಡ್‌ಗೆ ಎರಡೇ ಪೋಸ್ಟ್ ಬರೆಯಲು ಹೇಳುತ್ತದೆ. 'ಎರಡು ಗಂಟೆಗಿಂತ ಹೆಚ್ಚು ಕೂರಬೇಡಿ, ಭಾಷೆ ಮತ್ತು ಗ್ರಾಹಕರ ಅರಿವನ್ನು ಮಾತ್ರ ನೋಡುತ್ತೇವೆ' ಎಂದು ಮೇಲ್‌ನಲ್ಲೇ ಬರೆದಿದೆ. ನಂತರ ಅದೇ ಬರಹ ಮುಂದಿಟ್ಟುಕೊಂಡು 45 ನಿಮಿಷ ಚರ್ಚೆ, ಮೂರನೇ ರೌಂಡ್‌ಗೆ ಫಲಿತಾಂಶ. ಕೆಲಸ ಸಿಗದಿದ್ದರೂ ಕಾರಣ ತಿಳಿಸುತ್ತಾರೆ. ಆಯ್ಕೆ ಆಗಲಿ ಬಿಡಲಿ, ಇಲ್ಲಿ ಕೆಲಸ ಕೊಡುವ ಮೊದಲು ಯೋಚಿಸುವ ಜನ ಇದ್ದಾರೆ ಎಂಬುದು ತಿಳಿಯಿತು.

ಎಷ್ಟು ರೌಂಡ್ ಸಾಕು?

ಒಂದು ಕಾಲದಲ್ಲಿ ಅತಿಯಾದ ಸಂದರ್ಶನಗಳಿಗೆ ಹೆಸರಾಗಿದ್ದ ಗೂಗಲ್, ತನ್ನದೇ ನೇಮಕಾತಿ ದಾಖಲೆಗಳನ್ನು ಪರಿಶೀಲಿಸಿತ್ತು. ಅಭ್ಯರ್ಥಿಯನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ನಾಲ್ಕು ಸಂದರ್ಶನಗಳಲ್ಲೇ ಶೇ. 86ರಷ್ಟು ವಿಶ್ವಾಸದಿಂದ ಹೇಳಬಹುದು ಎಂದು ಕಂಡುಬಂತು. ಐದನೆಯದರಿಂದ ಪ್ರತಿ ಸುತ್ತೂ ಸೇರಿಸಿದ್ದು ಸುಮಾರು ಶೇ. 1 ಮಾತ್ರ. ಇದು ಒಂದು ಕಂಪನಿಯ ಅನುಭವ, ಎಲ್ಲ ಹುದ್ದೆಗೂ ಅನ್ವಯಿಸುವ ನಿಯಮವಲ್ಲ. ಆದರೂ ಮಧ್ಯಮ ಹಂತದ ಹುದ್ದೆಗೆ ಆರು, ಏಳು ರೌಂಡ್ ನಡೆದರೆ ಹೆಚ್ಚಿನ ಮಾಹಿತಿ ಸಿಗುತ್ತಿದೆ ಎನ್ನುವುದಕ್ಕಿಂತ ನಿರ್ಧಾರದ ಹೊಣೆ ಹೊರಲು ಯಾರೂ ಸಿದ್ಧರಿಲ್ಲ ಎನ್ನುವ ಸಾಧ್ಯತೆ ಜಾಸ್ತಿ.

ಎಣಿಕೆಗಿಂತಲೂ ದೊಡ್ಡ ಸೂಚನೆ ಎಂದರೆ ನಡುವೆ ರೌಂಡ್ ಹೆಚ್ಚಾಗುವುದು. ಮೊದಲೇ 'ಐದು ರೌಂಡ್' ಎಂದು ಹೇಳಿ ಐದರಲ್ಲಿ ಮುಗಿಸಿದ ಕಂಪನಿ ಮಾತಿಗೆ ನಿಂತಿದೆ. 'ಮೂರು' ಎಂದು ಹೇಳಿ ಆರಕ್ಕೆ ಹೋದ ಕಂಪನಿಯಲ್ಲಿ ಹುದ್ದೆಗೆ ಬಜೆಟ್ ಒಪ್ಪಿಗೆಯೇ ಸಿಕ್ಕಿಲ್ಲದಿರಬಹುದು ಅಥವಾ ಇನ್ನೊಬ್ಬ ಅಭ್ಯರ್ಥಿಯ ಉತ್ತರಕ್ಕೆ ಕಾಯುತ್ತಿರಬಹುದು.

ಮಾಡಿಕೊಟ್ಟ ಕೆಲಸ ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಬರಹ, ವಿನ್ಯಾಸದ ಚಿತ್ರ, ಕಂಪ್ಯೂಟರ್ ಕೋಡ್‌ನಂತಹವಕ್ಕೆ ಸಾಮಾನ್ಯವಾಗಿ ಅದನ್ನು ರಚಿಸಿದವರೇ ಮೊದಲ ಹಕ್ಕುದಾರರು. ಉದ್ಯೋಗಿ ತನ್ನ ಕೆಲಸದ ಭಾಗವಾಗಿ ಮಾಡಿದ್ದು ಕಂಪನಿಗೆ ಸೇರುತ್ತದೆ, ಆದರೆ ಅಭ್ಯರ್ಥಿ ಇನ್ನೂ ಉದ್ಯೋಗಿಯಲ್ಲ. ಹಕ್ಕನ್ನು ವರ್ಗಾಯಿಸಬೇಕಾದರೆ ಸೆಕ್ಷನ್ 19ರಂತೆ ಸಹಿ ಇರುವ ಲಿಖಿತ ಒಪ್ಪಂದ ಬೇಕು. ಹಾಗಾಗಿ ಅಸೈನ್‌ಮೆಂಟ್ ಜತೆ ಬರುವ ಫಾರ್ಮ್‌ಗೆ ಓದದೆ ಸಹಿ ಹಾಕಬಾರದು. 'ಸಲ್ಲಿಸಿದ ಕೆಲಸದ ಎಲ್ಲ ಹಕ್ಕೂ ಕಂಪನಿಯದ್ದು' ಎಂಬ ಸಾಲು ಅದರಲ್ಲಿದ್ದರೆ ಅದೇ ಒಂದು ಸೂಚನೆ. ಕಾನೂನಿಗೆ ಮಿತಿಯೂ ಇದೆ. ರಕ್ಷಣೆ ಇರುವುದು ಬರೆದ, ಚಿತ್ರಿಸಿದ ರೂಪಕ್ಕೆ, ಐಡಿಯಾಗೆ ಅಲ್ಲ. ಪ್ಲಾನ್‌ನ ಐಡಿಯಾವನ್ನು ಬೇರೆ ಮಾತಿನಲ್ಲಿ ಬಳಸಿಕೊಂಡರೆ ತಡೆಯುವುದು ಕಷ್ಟ.

ಒಪ್ಪುವ ಮೊದಲು ಕೇಳಬಹುದಾದ ನಾಲ್ಕು ಪ್ರಶ್ನೆ

- ಒಟ್ಟು ಎಷ್ಟು ರೌಂಡ್, ಕೊನೆಯ ನಿರ್ಧಾರ ಯಾರದ್ದು?
- ಅಸೈನ್‌ಮೆಂಟ್‌ಗೆ ಎಷ್ಟು ಗಂಟೆ ನಿರೀಕ್ಷೆ, ಯಾವ ಅಂಶಗಳನ್ನು ನೋಡುತ್ತೀರಿ?
- ಇದರ ಬದಲು ಹಿಂದೆ ಮಾಡಿದ ಕೆಲಸ ತೋರಿಸಿ ಚರ್ಚಿಸಬಹುದೇ?
- ಈ ಹುದ್ದೆಯ ಸಂಬಳದ ಮಿತಿ ಎಷ್ಟು?

ಫೋನ್‌ನಲ್ಲಿ ಕೇಳುವುದಕ್ಕಿಂತ ಮೇಲ್ ಮಾಡುವುದು ಒಳ್ಳೆಯದು, ಉತ್ತರ ದಾಖಲೆಯಾಗಿ ಉಳಿಯುತ್ತದೆ. ಉತ್ತರದಷ್ಟೇ ಅದರ ಧಾಟಿಯೂ ಮುಖ್ಯ. 'ಇಷ್ಟವಿದ್ದರೆ ಮಾಡಿ, ಬೇರೆಯವರು ಸಾಲಿನಲ್ಲಿದ್ದಾರೆ' ಎಂಬ ಉತ್ತರ ಬಂದರೆ ಮುಂದೆ ರಜೆ ಕೇಳಿದಾಗ ಬರುವ ಉತ್ತರವೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ಯಾವಾಗ ತಪ್ಪು ತಿಳಿಯಬಾರದು?

ಸರ್ಕಾರಿ ಹಾಗೂ ಸಾರ್ವಜನಿಕ ವಲಯದ ನೇಮಕಾತಿ ನಿಯಮಗಳ ಕಾರಣಕ್ಕೇ ನಿಧಾನ. ಹಿರಿಯ ಹುದ್ದೆಗೆ ಹಲವರ ಭೇಟಿ ಸಹಜ. ಒಂದು ಸಂದರ್ಶನ ಮುಂದೂಡಿಕೆಯಾದರೆ ಅದು ಯಾರದ್ದೋ ಮನೆಯ ತುರ್ತು ಇರಬಹುದು. ಕ್ಷಮೆ ಕೇಳಿ ಹೊಸ ಸಮಯ ಕೊಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಎಚ್‌ಆರ್ ಅಸ್ತವ್ಯಸ್ತವಾಗಿದ್ದರೂ ತಂಡದ ಮ್ಯಾನೇಜರ್ ಒಳ್ಳೆಯವರಿರಬಹುದು, ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮನೆಯ ಖರ್ಚಿಗೆ ತಕ್ಷಣ ಸಂಬಳ ಬೇಕಿರುವವರು ಸೂಚನೆಗಳು ಸರಿಯಿಲ್ಲದಿದ್ದರೂ ಸೇರಬೇಕಾಗಬಹುದು. ಅಂಥವರು ಕೆಲಸದ ಅವಧಿ, ನೋಟಿಸ್ ಪೀರಿಯಡ್ ಮತ್ತು ಬಾಂಡ್ ಷರತ್ತುಗಳನ್ನು ಆಫರ್ ಲೆಟರ್‌ನಲ್ಲೇ ಓದಿ, ಅನುಮಾನ ಇದ್ದದ್ದನ್ನು ಸಹಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳಿತು.